ಛತ್ರದ ಮುಂದೆ ರ‍್ಯಾಂಪ್ ಬೇಕಾ, ಹಿಂದೆ ಇದ್ದರೆ ಸಾಲದಾ?

ಕೋಡಿಹಳ್ಳ

ಕೋಲಾರದಿಂದ ಬಂಗಾರಪೇಟೆ ಕಡೆ ಹೋಗುವ ದಾರಿಯಲ್ಲಿ ನಮ್ಮ ಸಂಘದ ಒಂದು ಹಳೇ ಛತ್ರ ಇದೆ. ನಾನು ಅದರ ಖಜಾಂಚಿ. ಈ ಸಲ ಆಷಾಢದಲ್ಲಿ ಬುಕಿಂಗ್ ಇಲ್ಲದ ಹೊತ್ತು ನೋಡಿ ರಿಪೇರಿ ಮಾಡಿಸಬೇಕು ಅಂತ ತೀರ್ಮಾನ ಆಗಿದೆ. ಸುಣ್ಣ ಬಣ್ಣ, ಶೌಚಾಲಯ, ಮುಂಬಾಗಿಲು. ಮೊನ್ನೆ ಸಭೆಯಲ್ಲಿ ಯಾರೋ ರ‍್ಯಾಂಪ್ ವಿಷಯ ಎತ್ತಿದರು. ಅಲ್ಲಿಂದ ಜಗಳ ಶುರು.

ಮುಂದೆ ನಾಲ್ಕು ಮೆಟ್ಟಿಲು ಇವೆ. ಒಂದೊಂದೂ 6 ಇಂಚು, ಒಟ್ಟು 24 ಇಂಚು. ಹಿಂದೆ ಅಡುಗೆಮನೆ ಬಾಗಿಲಲ್ಲಿ ಸಿಲಿಂಡರ್, ಪಾತ್ರೆ ಸಾಗಿಸೋಕೆ ಅಂತ ಒಂದು ಇಳಿಜಾರು ಮೊದಲಿಂದಲೂ ಇದೆ. ಕೆಲವರು ಹೇಳೋದು: "ಅದಕ್ಕೇ ಒಂದು ಕಂಬಿ ಹಾಕಿ, ಅಂಗವಿಕಲರಿಗೆ ವಿಶೇಷ ದಾರಿ ಅಂತ ಬೋರ್ಡ್ ಬರೆಸಿ, ಮುಗೀತು. ವರ್ಷಕ್ಕೆ ಒಬ್ಬರೋ ಇಬ್ಬರೋ ಬರ್ತಾರೆ, ಅದಕ್ಕೆ ಮುಂದೆ ಯಾಕೆ ಒಡೀಬೇಕು?" ನನಗೂ ಹಣದ ಲೆಕ್ಕದಲ್ಲಿ ಅದೇ ಸರಿ ಅನ್ನಿಸಿತು. ಆದರೂ ಒಮ್ಮೆ ಇಲ್ಲಿ ಕೇಳೋಣ ಅಂತ. ಮುಂದೆ ಮಾಡಿದರೆ ಎಷ್ಟು ಉದ್ದ ಬೇಕು?

ಗಾರೆ ಕೆಲಸ

24 ಇಂಚಿಗೆ 8 ಅಡಿ ಸಾಕು ಸಾರ್. ನಾನು ಇಪ್ಪತ್ತು ವರ್ಷದಿಂದ ಎಷ್ಟೋ ರ‍್ಯಾಂಪ್ ಹಾಕಿದೀನಿ. ಎರಡು ದಿನದ ಕೆಲಸ. ಮೇಲೆ ಗೆರೆ ಎಳೆದುಬಿಟ್ಟರೆ ಜಾರಲ್ಲ.

ಬೇತಮಂಗಲ ಹುಡುಗ

ರ‍್ಯಾಂಪ್ ಅಂದ್ರೆ ಬರೀ ತಲೆನೋವು ಗುರು. ನಮ್ಮ ಮನೆ ಮುಂದೆ ಬೈಕಿಗೆ ಹಾಕಿಸಿದ್ದೆ. ಚರಂಡಿ ಮೇಲೆ ಬಂದಿದೆ ಅಂತ ಒಡೆಸಿಬಿಟ್ಟರು. ಇದಕ್ಕೆ ಪರ್ಮಿಷನ್ ಎಲ್ಲಿ ತಗೋಬೇಕು, ಯಾರಿಗಾದ್ರೂ ಗೊತ್ತಾ?

ಪಾಯದ ಮಟ್ಟ

ತಮ್ಮಾ, ಅದು ಬೇರೆ ವಿಷಯ. ಆದರೆ ನೀನು ಹೇಳಿದ್ದು ಒಂದು ರೀತಿ ಇಲ್ಲಿಗೆ ಬೇಕಾದದ್ದೇ. ನಮ್ಮ ಊರುಗಳಲ್ಲಿ ರ‍್ಯಾಂಪ್ ಅಂದರೆ ಎಲ್ಲರ ತಲೆಗೆ ಬರೋದು ಬೈಕ್ ರ‍್ಯಾಂಪ್. ಮೇಸ್ತ್ರಿಗಳು ಹೇಳಿದ 24 ಇಂಚಿಗೆ 8 ಅಡಿ ಅಂದರೆ 4ಕ್ಕೆ 1, ಅಂದರೆ 4 ಅಡಿ ಉದ್ದಕ್ಕೆ 1 ಅಡಿ ಏರು. ಬೈಕಿಗೆ ಇಂಜಿನ್ ಇದೆ, ಹತ್ತುತ್ತೆ. ಮನುಷ್ಯರಿಗೆ ಅದು ಇಲ್ಲ.

ಲೆಕ್ಕ ಹಾಕಿ ನೋಡಿ. ಕೂತವರು 80 ಕೆಜಿ, ಗಾಲಿಕುರ್ಚಿ 15 ಕೆಜಿ, ಒಟ್ಟು 95. 4ಕ್ಕೆ 1 ಇಳಿಜಾರಿನಲ್ಲಿ ಅದು ಹಿಂದಕ್ಕೆ ಜಾರದ ಹಾಗೆ ಹಿಡಿಯೋಕೇ ಸುಮಾರು 23 ಕೆಜಿ ಎತ್ತಿದಷ್ಟು ಬಲ ಬೇಕು. 12ಕ್ಕೆ 1 ಆದರೆ 8 ಕೆಜಿ. ಮೊದಲನೆಯದರಲ್ಲಿ ಹಿಂದೆ ತಳ್ಳೋಕೆ ಇಬ್ಬರು ಗಟ್ಟಿ ಗಂಡಸರು ಬೇಕು, ಎರಡನೆಯದರಲ್ಲಿ ಹತ್ತನೇ ಕ್ಲಾಸ್ ಹುಡುಗಿ ಅಜ್ಜಿಯನ್ನು ತಳ್ಳಿಕೊಂಡು ಹೋಗುತ್ತಾಳೆ. ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯದ 2021ರ ಮಾರ್ಗಸೂಚಿಯಲ್ಲೂ 12ಕ್ಕೆ 1 ಅನ್ನೋದೇ ಮಿತಿ. ಅದಕ್ಕಿಂತ ಕಡಿದಾಗಿರಬಾರದು ಅಂತ. ಇನ್ನೂ ಚಪ್ಪಟೆ ಆದರೆ ಒಳ್ಳೇದೇ.

ಹಾಗಾಗಿ ನಿಮ್ಮ 24 ಇಂಚಿಗೆ 24 ಅಡಿ ಬೇಕು.

ಕೋಡಿಹಳ್ಳ

24 ಅಡಿನಾ! ಗೇಟಿನಿಂದ ವರಾಂಡದ ಅಂಚಿಗೆ ಇರೋದೇ 25 ಅಡಿ ಸರ್. ಹಾಗಾದರೆ ಆಗಲ್ಲ ಬಿಡಿ. ಹಿಂದಿನದೇ ಗಟ್ಟಿ.

ಗಾಲಿ ಮೇಷ್ಟ್ರಮ್ಮ

ಕೋಡಿಹಳ್ಳ ಅವರೇ, ಬಿಡೋ ಮೊದಲು ಒಂದು ಮಾತು. ನಾನು ಶಾಲೆಯಲ್ಲಿ ಪಾಠ ಮಾಡುತ್ತೇನೆ. ಹನ್ನೊಂದು ವರ್ಷದಿಂದ ಗಾಲಿಕುರ್ಚಿ. ನಿಮ್ಮ ಸಂಘದವರು ಹೇಳಿದ "ವಿಶೇಷ ದಾರಿ"ಯಲ್ಲಿ ನಾನು ಹೋಗಿದ್ದೇನೆ. ನಿಮ್ಮ ಛತ್ರದಲ್ಲಲ್ಲ, ಬೇರೆ ಊರಿನಲ್ಲಿ. ಚಿಕ್ಕಪ್ಪನ ಮಗಳ ಮದುವೆ.

ಹಿಂಬಾಗಿಲು ಅಂತ ಹೇಳಿದರು. ಹೋದರೆ ಬೀಗ. ಬೀಗದ ಕೈ ಅಡುಗೆ ಭಟ್ಟರ ಹತ್ತಿರ, ಅವರು ಎಲೆಗೆ ಹೋಗಿದ್ದಾರೆ. ಬೀಗ ತೆಗೆದ ಮೇಲೆ ಇಳಿಜಾರಿನ ಮೇಲೆಲ್ಲ ಪಾತ್ರೆ ತೊಳೆದ ನೀರು, ಅದರಲ್ಲಿ ಎಣ್ಣೆ. ನನ್ನ ತಮ್ಮನ ಚಪ್ಪಲಿ ಜಾರಿತು. ಆಮೇಲೆ ಒಲೆಗಳ ಮಧ್ಯೆ ದಾರಿ, ಸಾರಿನ ಕೊಳಗ ಸರಿಸಿದರು. ಹೊಸ ರೇಷ್ಮೆ ಸೀರೆ ಉಟ್ಟುಕೊಂಡು ನಾನು ಈರುಳ್ಳಿ ಸಿಪ್ಪೆ ಮೇಲೆ ಉರುಳಿಕೊಂಡು ಊಟದ ಹಾಲ್‌ಗೆ ಬಂದೆ. ಮುಂಬಾಗಿಲಲ್ಲಿ ಎಲ್ಲರಿಗೂ ಪನ್ನೀರು ಹಾಕಿ, ಹೂವು ಕೊಟ್ಟು ಕರೆಯುತ್ತಿದ್ದರು. ನಾನು ಒಳಗೆ ಬಂದಿದ್ದು ಹುಡುಗಿಯ ಅಮ್ಮನಿಗೆ ಅರ್ಧ ಗಂಟೆ ಗೊತ್ತೇ ಆಗಲಿಲ್ಲ. ಬರಲಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದರಂತೆ!

ವರ್ಷಕ್ಕೆ ಒಬ್ಬರೋ ಇಬ್ಬರೋ ಅಂತೀರಲ್ಲ, ಆ ಛತ್ರದಲ್ಲಿ ಮದುವೆ ಅಂದರೆ ನಾನು ಈಗ ಹೋಗುವುದೇ ಇಲ್ಲ. ಮುಯ್ಯಿ ಕಳಿಸಿ ಸುಮ್ಮನಾಗುತ್ತೇನೆ.

ಶಾಮಿಯಾನ ಟೆಂಪೋ

ಅಕ್ಕ ಹೇಳಿದ್ದು ಸರಿ. ಆದ್ರೆ ನಮ್ಮ ಕಡೆಯಿಂದ ಒಂದು ಮಾತು. ಮುಂದೆ ರ‍್ಯಾಂಪ್ ಇದ್ರೆ ನಮಗೂ ಎಷ್ಟೋ ಆರಾಮ. ಸೋಫಾ, ಮಂಟಪದ ಕಂಬ, ಸೌಂಡ್ ಬಾಕ್ಸ್, ಐಸ್‌ಕ್ರೀಂ ಫ್ರಿಜ್ ಎಲ್ಲಾ ಮುಂದಿಂದಲೇ ಹೋಗೋದು. ನಾಲ್ಕು ಮೆಟ್ಟಿಲಿಗೆ ನಾಲ್ಕು ಜನ ಹಿಡೀಬೇಕು. ಗಾಲಿ ಟ್ರಾಲಿ ಇದ್ರೂ ಮೆಟ್ಟಿಲ ಹತ್ರ ಅದನ್ನೇ ಹೊರಬೇಕು. ಸಪೂರ ಮಾಡ್ಬೇಡಿ, ಅಗಲ ಮಾಡ್ಸಿ.

ಪಾಯದ ಮಟ್ಟ

ಕೋಡಿಹಳ್ಳ, 24 ಇಂಚನ್ನು ಎಲ್ಲಿಂದ ಅಳೆದಿರಿ? ಮೆಟ್ಟಿಲ ಬುಡದಿಂದ ಅಲ್ವಾ? ಜನ ಬರೋದು ಗೇಟಿನಿಂದ. ಗೇಟಿನ ಮಟ್ಟಕ್ಕೂ ಹಾಲ್ ನೆಲದ ಮಟ್ಟಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ನೋಡಿ. ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಲೆವೆಲ್ ಪೈಪ್ ಇರುತ್ತೆ, ಹತ್ತು ನಿಮಿಷದ ಕೆಲಸ.

ಯಾಕೆ ಕೇಳಿದೆ ಅಂದರೆ, ಹಳೇ ಕಟ್ಟಡಗಳ ಮುಂದೆ ಪ್ರತಿ ಸಲ ಡಾಂಬರು ಹಾಕಿದಾಗಲೂ ರಸ್ತೆ ಒಂದಿಷ್ಟು ಮೇಲೇಳುತ್ತೆ. ಹಳೇದನ್ನು ಕೆತ್ತದೆ ಅದರ ಮೇಲೇ ಹಾಕ್ತಾರೆ. ಮಳೆ ಬಂದಾಗ ನಿಮ್ಮ ಮೆಟ್ಟಿಲ ಬುಡದಲ್ಲಿ ನೀರು ನಿಲ್ಲುತ್ತಾ?

ಕೋಡಿಹಳ್ಳ

ನಿಲ್ಲುತ್ತೆ ಸರ್! ಹೋದ ವರ್ಷ ಕಾರ್ತೀಕದ ಮದುವೆಯಲ್ಲಿ ಇಟ್ಟಿಗೆ ಜೋಡಿಸಿ ಜನ ದಾಟಿದರು. ನಾಳೆ ಅಳೆಸುತ್ತೇನೆ.

ಹಳೇ ಬಸ್‌ಸ್ಟಾಂಡ್

ಇದರಲ್ಲಿ ಚರ್ಚೆ ಏನಿದೆ? ಕಾನೂನೇ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ. ಐದು ವರ್ಷದಲ್ಲಿ ಎಲ್ಲಾ ಹಳೇ ಕಟ್ಟಡ ಸರಿ ಮಾಡಬೇಕಿತ್ತು, ಮುಗಿದುಹೋಯ್ತು. ನಿಮ್ಮ ಛತ್ರಕ್ಕೆ ಬೀಗ ಹಾಕಿಸಬಹುದು.

ಪಾಯದ ಮಟ್ಟ

ಅರ್ಧ ನಿಜ. ಕಾಯ್ದೆಯ 45ನೇ ಸೆಕ್ಷನ್ ಐದು ವರ್ಷ ಅಂತ ಹೇಳುತ್ತೆ. ಸಾರ್ವಜನಿಕ ಕಟ್ಟಡ ಅಂದರೆ ಬರೀ ಸರ್ಕಾರದ್ದಲ್ಲ, ಜನ ಬಳಸುವ ಖಾಸಗಿ ಕಟ್ಟಡವೂ ಸೇರುತ್ತೆ. ಆದರೆ ಯಾವ ಅಳತೆ ಕಡ್ಡಾಯ ಅನ್ನೋದು ಗೊಂದಲವಾಗಿತ್ತು. ನಿಯಮ ತೋರಿಸಿದ್ದು ಬರೀ ಸಲಹೆ ರೂಪದ ಮಾರ್ಗಸೂಚಿಯನ್ನು. 2024ರ ನವೆಂಬರ್‌ನಲ್ಲಿ ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಹೇಳಿತು: ಕಾಯ್ದೆ ಕಡ್ಡಾಯ ಅಂದ ಮೇಲೆ ನಿಯಮ ಸಲಹೆ ಆಗಿರೋಕಾಗಲ್ಲ, ಕಡ್ಡಾಯ ನಿಯಮ ಮಾಡಿ ಅಂತ.

ಬೀಗ ಗೀಗ ಅಂತ ಹೆದರಿಸಿದರೆ ಏನಾಗುತ್ತೆ ಗೊತ್ತಾ? ಹೆದರಿದವರು ಫೋಟೋಗೆ ಒಂದು ರ‍್ಯಾಂಪ್ ಹಾಕ್ತಾರೆ. 4ಕ್ಕೆ 1, ಕೊನೆಯಲ್ಲಿ ಒಂದು ಮೆಟ್ಟಿಲು, ಅದರ ಮೇಲೆ ಹೂವಿನ ಕುಂಡ. ಅಂಥವು ನಾನು ಬೇಕಾದಷ್ಟು ನೋಡಿದ್ದೇನೆ.

ಕೋಡಿಹಳ್ಳ

ಅಳೆಸಿದೆ. ನನಗೇ ಆಶ್ಚರ್ಯ. ಗೇಟಿನ ಮಟ್ಟ ಮೆಟ್ಟಿಲ ಬುಡಕ್ಕಿಂತ 8 ಇಂಚು ಮೇಲಿದೆ! ಅಂದರೆ ಜನ ಗೇಟಿನಿಂದ 8 ಇಂಚು ಇಳಿದು ಆಮೇಲೆ 24 ಇಂಚು ಹತ್ತುತ್ತಿದ್ದಾರೆ. ಗೇಟಿನಿಂದ ಹಾಲ್ ನೆಲಕ್ಕೆ ನಿಜವಾದ ಎತ್ತರ 16 ಇಂಚು ಮಾತ್ರ.

ಇನ್ನೊಂದು ಕೆಲಸ ಮಾಡಿದೆ. ಭಾನುವಾರ ಒಂದು ಮದುವೆ ಇತ್ತು. ಮುಹೂರ್ತದ ಮುಂಚೆ ಒಂದು ಗಂಟೆ ಮೆಟ್ಟಿಲ ಪಕ್ಕ ಕುರ್ಚಿ ಹಾಕಿಕೊಂಡು ಕೂತೆ. ಗಾಲಿಕುರ್ಚಿಯವರು ಒಬ್ಬರೂ ಬರಲಿಲ್ಲ. ಆದರೆ ಬೇರೆಯವರ ಕೈ ಹಿಡಿದು, ಇಲ್ಲಾ ಗೋಡೆ ಹಿಡಿದು ಹತ್ತಿದವರು 19 ಜನ. ಮಂಡಿ ನೋವಿನವರೇ ಜಾಸ್ತಿ. ಮಗು ಮಲಗಿಸಿದ ತಳ್ಳುಗಾಡಿ ಎತ್ತಿಕೊಂಡು ಹತ್ತಿದ ಒಂದು ಜೋಡಿ. ಸೀರೆ ಕಾಲಿಗೆ ಸಿಕ್ಕಿ ಮುಗ್ಗರಿಸಿದ ಹೆಂಗಸರು ಇಬ್ಬರು. ಉಡುಗೊರೆ ಡಬ್ಬ ಹಿಡಿದು ಮೆಟ್ಟಿಲು ಕಾಣದೆ ತಡಕಾಡಿದವರನ್ನು ನಾನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಇಷ್ಟು ವರ್ಷ ಅದೇ ಬಾಗಿಲಲ್ಲಿ ನಿಂತು ಕೈ ಮುಗಿದಿದ್ದೇನೆ, ಒಂದು ದಿನವೂ ಕಂಡಿರಲಿಲ್ಲ.

ಪಾಯದ ಮಟ್ಟ

ಚೆನ್ನಾಗಿ ಮಾಡಿದಿರಿ. ಇನ್ನು ಲೆಕ್ಕ ಸುಲಭ. 25 ಅಡಿಯಲ್ಲಿ ಗೇಟಿನ ಹತ್ತಿರ 5 ಅಡಿ ಸಮತಟ್ಟು ಬಿಡಿ. ಗಾಲಿಕುರ್ಚಿ ತಿರುಗೋಕೆ, ಜನ ನಿಂತು ಮಾತಾಡೋಕೆ. ಉಳಿದ 20 ಅಡಿಯಲ್ಲಿ 16 ಇಂಚು ಏರಬೇಕು. 240 ಇಂಚಿಗೆ 16, ಅಂದರೆ 15ಕ್ಕೆ 1. ಕೇಳಿದ್ದಕ್ಕಿಂತಲೂ ಚಪ್ಪಟೆ. ಮೇಲೆ ವರಾಂಡ ಇದೆಯಲ್ಲ, ಅದೇ ಲ್ಯಾಂಡಿಂಗ್ ಆಗುತ್ತೆ. ಎಲ್ಲೂ ಮಡಚುವುದು ಬೇಡ, ನೇರ ಗೇಟಿನಿಂದ ಬಾಗಿಲಿಗೆ. ಅಗಲ 4 ಅಡಿ ಕನಿಷ್ಠ. ನಿಮ್ಮ ಜನಸಂದಣಿಗೆ 6 ಅಡಿ ಮಾಡಿ.

ಇದನ್ನು ರ‍್ಯಾಂಪ್ ಅಂತ ಯಾರೂ ಕರೆಯುವುದೂ ಇಲ್ಲ ನೋಡಿ. ಸುಮ್ನೆ ದಾರಿ ಅಂತಾರೆ, ಅಷ್ಟೇ. ಎಲ್ಲರಿಗೂ ಒಂದೇ ವಿನ್ಯಾಸ ಅನ್ನೋ ಮಾತಿಗೆ ಇಂಗ್ಲಿಷಿನಲ್ಲಿ ಹೆಸರು ಕೊಟ್ಟವರು ರಾನ್ ಮೇಸ್ ಅನ್ನೋ ಅಮೆರಿಕದ ವಾಸ್ತುಶಿಲ್ಪಿ. ಚಿಕ್ಕವರಿದ್ದಾಗಲೇ ಪೋಲಿಯೊ ಆಗಿ ಗಾಲಿಕುರ್ಚಿ ಬಳಸುತ್ತಿದ್ದವರು. ಬೇರೆ ಬಾಗಿಲು, ಬೇರೆ ಬೋರ್ಡ್ ಬೇಡ, ಮೊದಲ ಗೆರೆ ಎಳೆಯುವಾಗಲೇ ಎಲ್ಲರನ್ನೂ ಲೆಕ್ಕಕ್ಕೆ ತಗೊಳ್ಳಿ ಅಂತ ಅವರ ವಾದ.

ಗಾರೆ ಕೆಲಸ

ಹಂಗಾದ್ರೆ ಸಾರ್, ಇನ್ನೂ ಸುಲಭ ಒಂದಿದೆ. ಅಂಗಳ ಪೂರ್ತಿ ಮಣ್ಣು ತುಂಬಿಸಿ ಎತ್ತರಿಸಿಬಿಡಿ. ಮೆಟ್ಟಿಲೇ ಬೇಡ. ನೀರು ನಿಲ್ಲೋದೂ ತಪ್ಪುತ್ತೆ.

ಪಾಯದ ಮಟ್ಟ

ಯೋಚನೆ ಒಳ್ಳೇದು ಮೇಸ್ತ್ರಿ, ಆದರೆ ಗೋಡೆ ಏನಾಗುತ್ತೆ? ಹಳೇ ಕಟ್ಟಡ. ಪಾಯದ ಮೇಲಿನ ಕಾಂಕ್ರೀಟ್ ಪಟ್ಟಿ ಇರೋದೇ ನೆಲದ ತೇವ ಗೋಡೆಗೆ ಏರದ ಹಾಗೆ ತಡೆಯೋಕೆ. ಮಣ್ಣು ಅದರ ಮಟ್ಟಕ್ಕೆ ಬಂದರೆ ತೇವ ಪಕ್ಕದಿಂದ ನುಗ್ಗುತ್ತೆ, ಎರಡನೇ ಮಳೆಗಾಲಕ್ಕೆ ಒಳಗಡೆ ಬಣ್ಣ ಉದುರುತ್ತೆ. ದಾರಿಯ ಅಗಲಕ್ಕೆ ಮಾತ್ರ ತುಂಬಿ. ಎರಡೂ ಕಡೆ ಕಲ್ಲು ಕಟ್ಟಡ, ಮಧ್ಯೆ ಜಲ್ಲಿ ಮಣ್ಣು ಗಟ್ಟಿಸಿ. ಗೋಡೆಗೆ ತಾಗೋ ಕಡೆ ಒಂದು ಅಡಿ ಖಾಲಿ ಬಿಟ್ಟು ಮೇಲೆ ಚಪ್ಪಡಿ ಹಾಸಿ.

ಮುಖ್ಯವಾದದ್ದು ನೀರು. ಈಗ ಆ ತಗ್ಗಿನಲ್ಲಿ ನಿಲ್ಲುವ ನೀರಿಗೆ ನಿಮ್ಮ ದಾರಿ ಅಡ್ಡ ಕಟ್ಟೆ ಆಗುತ್ತೆ. ಅಡಿಯಲ್ಲಿ 6 ಇಂಚಿನ ಎರಡು ಪೈಪ್ ಅಡ್ಡಡ್ಡ ಹಾಕಿ. ಇಲ್ಲದಿದ್ದರೆ ಒಂದು ಕಡೆ ಕೆರೆ ಆಗುತ್ತೆ, ಆಗ ಎಲ್ಲರೂ ರ‍್ಯಾಂಪನ್ನೇ ಬೈತಾರೆ.

ಕಬ್ಬಿಣದ ಕಾಲು

ತಡವಾಗಿ ಬಂದೆ. ಮೆಟ್ಟಿಲೇ ಬೇಡ ಅಂದವರಿಗೆ ನನ್ನದೊಂದು ಆಕ್ಷೇಪ. ನನಗೆ ಪೋಲಿಯೊ, ಎಡಗಾಲಿಗೆ ಕ್ಯಾಲಿಪರ್. ನನಗೆ ರ‍್ಯಾಂಪ್ ಕಷ್ಟ, ಮೆಟ್ಟಿಲು ಸುಲಭ! ಯಾರೂ ನಂಬಲ್ಲ. ಕ್ಯಾಲಿಪರ್ ಹಾಕಿದರೆ ಮಂಡಿ, ಪಾದದ ಕೀಲು ಮಡಚುವುದಿಲ್ಲ. ಇಳಿಜಾರಿನಲ್ಲಿ ಪಾದ ಪೂರ್ತಿ ಊರೋಲ್ಲ, ಇಳಿಯುವಾಗ ಮುಂದಕ್ಕೆ ನೂಕಿದ ಹಾಗಾಗುತ್ತೆ. ಮೆಟ್ಟಿಲಾದರೆ ಒಂದೊಂದು ಕಡೆ ನಿಂತು, ಕಂಬಿ ಹಿಡಿದು ಹತ್ತುತ್ತೇನೆ. ಎಲ್ಲರಿಗೂ ಒಂದೇ ಅಂತ ಹೇಳಿ ನನ್ನ ಮೆಟ್ಟಿಲು ಕಿತ್ತುಹಾಕಬೇಡಿ.

ಪಾಯದ ಮಟ್ಟ

ಕಿತ್ತುಹಾಕಲ್ಲ ಸರ್. ಎರಡೂ ಪಕ್ಕಪಕ್ಕ, ಒಂದೇ ಬಾಗಿಲಿಗೆ. ಎಲ್ಲರಿಗೂ ಒಂದೇ ಅಂದರೆ ಎಲ್ಲರೂ ಒಂದೇ ಥರ ನಡೀಬೇಕು ಅಂತಲ್ಲ. ಮೆಟ್ಟಿಲಿಗೂ ಎರಡೂ ಕಡೆ ಕಂಬಿ ಬೇಕು. ಲಕ್ವ ಹೊಡೆದು ಎಡಗೈ ಬಿದ್ದವರು ಬಲಗೈಯಲ್ಲಿ ಕಂಬಿ ಹಿಡಿದು ಹತ್ತುತ್ತಾರೆ. ಇಳಿಯುವಾಗ ಅದೇ ಕಂಬಿ ಎಡಗಡೆ ಬರುತ್ತೆ. ಒಂದೇ ಕಡೆ ಹಾಕಿದರೆ ಅವರು ಒಳಗೆ ಹೋಗಬಹುದು, ಹೊರಗೆ ಬರೋಕಾಗಲ್ಲ!

ದಾರಿಯ ಎರಡೂ ಕಡೆಯೂ ಅಷ್ಟೇ. ಎರಡು ಎತ್ತರದಲ್ಲಿ ಕಂಬಿ, ಒಂದು 3 ಅಡಿಗೆ, ಒಂದು ಎರಡೂವರೆ ಅಡಿಗೆ. ಕೆಳಗಿನದು ಕೂತವರಿಗೆ, ಮಕ್ಕಳಿಗೆ. ಅಂಚಿನಲ್ಲಿ ಒಂದೆರಡು ಇಂಚು ದಿಂಡು ಬರಲಿ. ಗಾಲಿಯಾಗಲಿ, ಊರುಗೋಲಾಗಲಿ ಪಕ್ಕಕ್ಕೆ ಜಾರಬಾರದು. ಮೇಲ್ಮೈಗೆ ಹೊಳೆಯುವ ಗ್ರಾನೈಟ್ ಮಾತ್ರ ಬೇಡ. ಉರಿ ಹಾಯಿಸಿ ಒರಟು ಮಾಡಿದ ಕಲ್ಲು ಇಲ್ಲಾ ಪೊರಕೆ ಗೆರೆ ಎಳೆದ ಸಿಮೆಂಟ್ ಸಾಕು. ಮೇಸ್ತ್ರಿಗಳು ಬೈಕ್ ರ‍್ಯಾಂಪಿಗೆ ಎಳೆಯುವ ಆಳದ ಗೆರೆ ಬೇಡ, ಕುರ್ಚಿಯ ಸಣ್ಣ ಮುಂದಿನ ಗಾಲಿ ಅದರಲ್ಲಿ ಗಡಗಡ ಅನ್ನುತ್ತೆ.

ಗಾಲಿ ಮೇಷ್ಟ್ರಮ್ಮ

ಬಾಗಿಲಿಗೆ ಬನ್ನಿ. ಎಷ್ಟೋ ಕಡೆ ರ‍್ಯಾಂಪ್ ದಾಟಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ದೇನೆ.

ಕೋಡಿಹಳ್ಳ

ಅದೊಂದು ಚಿಂತೆ ಇಲ್ಲ ಮೇಡಂ. ನಮ್ಮದು 4 ಅಡಿ ಬಾಗಿಲು. ಹಳೇ ಹೊನ್ನೆ ಮರ, ಎರಡು ಕದ.

ಗಾಲಿ ಮೇಷ್ಟ್ರಮ್ಮ

ಎರಡೂ ಕದ ತೆಗೆದಿರುತ್ತೀರಾ? ಮದುವೆ ದಿನ ತೆಗೀತೀರಿ. ನಾಮಕರಣ, ಸಭೆ, ಸಂಜೆ ಆರತಕ್ಷತೆ ಮುಗಿಯುವ ಹೊತ್ತು? ಒಂದು ಕದಕ್ಕೆ ಮೇಲೂ ಕೆಳಗೂ ಚಿಲಕ ಹಾಕಿರುತ್ತಾರೆ. ಒಂದೇ ಕದ ಅಂದರೆ 2 ಅಡಿಗೂ ಕಮ್ಮಿ. ನನ್ನ ಕುರ್ಚಿ 26 ಇಂಚು. ಕೈ ಸೇರಿದರೆ ಇನ್ನೂ ಜಾಸ್ತಿ.

ಕೋಡಿಹಳ್ಳ

ಸರಿಯಾಗಿ ಹಿಡಿದಿರಿ. ಎಡಗಡೆ ಕದದ ಮೇಲಿನ ಚಿಲಕ ತುಕ್ಕು ಹಿಡಿದು ಎಷ್ಟೋ ವರ್ಷ ಆಯ್ತು. ಮದುವೆ ದಿನ ಸುತ್ತಿಗೆಯಲ್ಲಿ ಹೊಡೆದು ತೆಗೀತಾರೆ.

ಪಾಯದ ಮಟ್ಟ

ಚೌಕಟ್ಟು ಹಾಗೇ ಇರಲಿ. ಬಡಗಿಗೆ ಹೇಳಿ ಕದಗಳನ್ನು ಸಮ ಮಾಡಬೇಡಿ ಅನ್ನಿ. ಒಂದು 3 ಅಡಿ 2 ಇಂಚು, ಇನ್ನೊಂದು 10 ಇಂಚು. ದೊಡ್ಡದನ್ನು ತೆಗೆದರೆ ಕದದ ದಪ್ಪ ಕಳೆದು ಒಳಗೆ 3 ಅಡಿ ಸಿಗುತ್ತೆ. ಶಾಮಿಯಾನದವರ ಸೋಫಾ ಬಂದಾಗ ಚಿಕ್ಕದನ್ನೂ ತೆಗೀರಿ.

ಶೌಚಾಲಯದ್ದು ಇನ್ನೂ ಕಷ್ಟ. "ಎರಡೂವರೆ ಅಡಿ ಬಾಗಿಲು" ಅಂತ ಬಡಗಿ ಹೇಳೋದು ಚೌಕಟ್ಟಿನ ಹೊರ ಅಳತೆ. ಎರಡೂ ಕಡೆಯ ಮರ, ಕದದ ದಪ್ಪ ಕಳೆದರೆ 23 ಇಂಚು ಸಿಕ್ಕಿದರೆ ಹೆಚ್ಚು. ಬಾಗಿಲು ತೆಗೆದು, ಟೇಪ್ ಹಿಡಿದು, ಕದದಿಂದ ಎದುರಿನ ಚೌಕಟ್ಟಿಗೆ ಅಳೀರಿ. ಅದೇ ನಿಜವಾದ ಅಗಲ. ಇನ್ನೊಂದು, ಒಂದಾದರೂ ಶೌಚಾಲಯದ ಬಾಗಿಲು ಹೊರಕ್ಕೆ ತೆಗೆಯುವ ಹಾಗಿರಲಿ. ಒಳಗೆ ಯಾರಾದರೂ ಬಿದ್ದರೆ, ಒಳಕ್ಕೆ ತೆಗೆಯುವ ಬಾಗಿಲಿಗೆ ಅವರ ಮೈಯೇ ಅಡ್ಡ ಆಗುತ್ತೆ.

ಮುಳಬಾಗಿಲು ಅತ್ತೆ

ಎಲ್ಲಾ ಸರಿ, ಹೊಸ್ತಿಲಿನ ಬಗ್ಗೆ ಯಾರೂ ಮಾತಾಡ್ತಿಲ್ಲ. ಹೊಸ್ತಿಲು ತೆಗೀತೀವಿ ಅಂದ್ರೆ ಒಪ್ಪಲ್ಲ ನಾನು. ಅರಿಶಿನ ಕುಂಕುಮ ಹಚ್ಚೋ ಜಾಗ ಅದು. ಮದುಮಗಳು ಅದನ್ನ ದಾಟೇ ಒಳಗೆ ಬರಬೇಕು.

ಕೋಡಿಹಳ್ಳ

ಅತ್ತೆ, ಸಭೆಯಲ್ಲೂ ಇದೇ ದೊಡ್ಡ ಜಗಳ. ನಮ್ಮ ಹೊಸ್ತಿಲು 3 ಇಂಚು ಇದೆ.

ಪಾಯದ ಮಟ್ಟ

3 ಇಂಚು ಅಂದರೆ ಕುರ್ಚಿಯ ಮುಂದಿನ ಗಾಲಿ ಖಂಡಿತ ಹತ್ತಲ್ಲ. ಅರ್ಧ ಇಂಚು, ಅದೂ ಅಂಚು ಇಳಿಸಿದ್ದಾದರೆ ಸರಿ. 3 ಇಂಚಿಗೆ ಹೊರಗೊಂದು ಒಳಗೊಂದು ಇಳಿಜಾರು ತುಂಡು ಇಡಬೇಕು ಅಂದರೆ ಒಂದೊಂದೂ 3 ಅಡಿ ಉದ್ದ ಬರುತ್ತೆ, ಬಾಗಿಲ ಎದುರೇ ಎರಡು ಗುಡ್ಡ. ಅದರಲ್ಲಿ ಎಲ್ಲರೂ ಎಡವುತ್ತಾರೆ.

ಅತ್ತೆಯವರಿಗೆ ನಾನು ಹೇಳೋದು: ಹೊಸ್ತಿಲು ತೆಗೀಬೇಡಿ, ಇಳಿಸಿ. ಅದೇ ಜಾಗದಲ್ಲಿ ಬೇರೆ ಬಣ್ಣದ ಕಲ್ಲಿನ ಪಟ್ಟಿ, ನೆಲದ ಮಟ್ಟಕ್ಕೆ. ಅರಿಶಿನ ಹಚ್ಚಿ, ರಂಗೋಲಿ ಬಿಡಿ.

ಮುಳಬಾಗಿಲು ಅತ್ತೆ

ನೆಲಕ್ಕೆ ಸಮ ಆದ್ರೆ ಎಲ್ಲರೂ ತುಳೀತಾರಲ್ಲಪ್ಪ? ಹೊಸ್ತಿಲು ತುಳೀಬಾರದು ಅಂತಲೇ ಎತ್ತರ ಇಟ್ಟಿರೋದು.

ಪಾಯದ ಮಟ್ಟ

ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಅತ್ತೆ.

ಗಾಲಿ ಮೇಷ್ಟ್ರಮ್ಮ

ನಮ್ಮ ಮನೆಯಲ್ಲಿ ಅಮ್ಮ ದೇವರ ಮನೆ ಹೊಸ್ತಿಲು ಹಾಗೇ ಇಟ್ಟು ತಲೆಬಾಗಿಲದ್ದು ಇಳಿಸಿದರು. "ನನ್ನ ಮಗಳು ಒಳಗೆ ಬರದ ಮನೆಗೆ ಲಕ್ಷ್ಮಿ ಹೇಗೆ ಬರ್ತಾಳೆ" ಅಂದರು. ಅದು ಅಮ್ಮನ ಮಾತು, ಸಂಘಕ್ಕೆ ಹೇಗೆ ಹೇಳೋದೋ ಗೊತ್ತಿಲ್ಲ.

ಮಂದ ಕಣ್ಣು

ಬೋರ್ಡ್‌ಗಳ ಬಗ್ಗೆ ನಾನು ಹೇಳಬಹುದಾ? ನನಗೆ ಪೂರ್ತಿ ಕುರುಡಿಲ್ಲ, ಮಸುಕು. ಛತ್ರಗಳಲ್ಲಿ ಕಪ್ಪು ಗ್ರಾನೈಟ್ ಮೇಲೆ ಚಿನ್ನದ ಬಣ್ಣದಲ್ಲಿ ಕೆತ್ತಿದ ಅಕ್ಷರ ಇರುತ್ತಲ್ಲ, ಅದು ದಾನಿಗಳ ಹೆಸರಿಗೆ ಸರಿ, ದಾರಿ ತೋರಿಸೋಕೆ ಅಲ್ಲ. ಟ್ಯೂಬ್‌ಲೈಟ್ ಬೆಳಕು ಕಲ್ಲಿಗೆ ಬಡಿದರೆ ನನಗೆ ಬರೀ ಬಿಳಿ ಪಟ್ಟೆ ಕಾಣುತ್ತೆ. ಹೊಳೆಯದ ಗಾಢ ನೀಲಿ ಮೇಲೆ ಬಿಳಿ ಅಕ್ಷರ ಮಾಡಿಸಿ.

ಕನ್ನಡ ಅಕ್ಷರಕ್ಕೆ ಒಂದು ತೊಂದರೆ ಇದೆ. ಒತ್ತಕ್ಷರ ಚಿಕ್ಕದಾಗಿ ಕೆಳಗೆ ಕೂರುತ್ತೆ. ದೂರದಿಂದ ಅದು ಬರೀ ಚುಕ್ಕೆ. ಇಂಗ್ಲಿಷ್ ಅಕ್ಷರದ ಎತ್ತರಕ್ಕೇ ಕನ್ನಡ ಬರೆದರೆ ನಮಗೆ ಓದೋಕಾಗಲ್ಲ, ಕನ್ನಡ ಇನ್ನೂ ದೊಡ್ಡದಿರಬೇಕು. ಉದ್ದದ ಪದವೂ ಬೇಡ. "ಮಹಿಳೆಯರ ಶೌಚಾಲಯ" ಅಂತ ಬರೆದರೆ ಅಕ್ಷರ ಚಿಕ್ಕದು ಮಾಡಲೇಬೇಕು. "ಹೆಂಗಸರು" ಅಂತ ಬರೆದರೆ ಅದೇ ಬೋರ್ಡ್‌ನಲ್ಲಿ ಅಕ್ಷರ ದುಪ್ಪಟ್ಟು ದೊಡ್ಡದಾಗುತ್ತೆ. ಮಾಡಿಸುವ ಮುಂಚೆ ಕಾಗದದಲ್ಲಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ, ಊಟದ ಹಾಲ್‌ನ ಆ ತುದಿಯಿಂದ ನೋಡಿ. ಕನ್ನಡಕ ತೆಗೆದು ನೋಡಿ.

ಶಾಮಿಯಾನ ಟೆಂಪೋ

ಚಿತ್ರನೂ ಹಾಕ್ಸಿ. ನಮ್ಮ ಕಡೆ ಅರ್ಧ ಜನ ಮನೇಲಿ ತೆಲುಗು. ಕನ್ನಡ ಮಾತಾಡ್ತಾರೆ, ಓದೋಕೆ ಬರಲ್ಲ. ಆಂಧ್ರದಿಂದ ಬೀಗರು ಬಂದ್ರೆ ಕೇಳೋದೇ ಬೇಡ. ನಂಗೆ ದಿನಕ್ಕೆ ನಲವತ್ತು ಸಲ ಕೇಳ್ತಾರೆ ಬಾತ್ರೂಮ್ ಎಲ್ಲಿ ಅಂತ.

ಮಂದ ಕಣ್ಣು

ಹಾಂ, ಬೋರ್ಡನ್ನು ಬಾಗಿಲ ಮೇಲೆ ಅಂಟಿಸಬೇಡಿ. ಬಾಗಿಲು ತೆಗೆದಿಟ್ಟರೆ ಗೋಡೆ ಕಡೆ ತಿರುಗಿ ಮಾಯ. ಪಕ್ಕದ ಗೋಡೆಗೆ ಹಾಕಿ, ಕಣ್ಣಿನ ಎತ್ತರಕ್ಕೆ. ಹತ್ತಿರ ಹೋಗಿ ಓದುವ ಹಾಗಿರಬೇಕು.

ಇನ್ನೊಂದು ಮಾತು, ಪಾಯದ ಮಟ್ಟ ಅವರಿಗೆ. ನನ್ನ ಸ್ನೇಹಿತರೊಬ್ಬರಿಗೆ ಪೂರ್ತಿ ಕಾಣುವುದಿಲ್ಲ, ಬಿಳಿ ಕೋಲು. ಅವರು ಹೇಳೋದು, ಮೆಟ್ಟಿಲಿದ್ದರೆ ಕೋಲಿಗೆ ತಾಗುತ್ತೆ, ಛತ್ರ ಬಂತು ಅಂತ ಗೊತ್ತಾಗುತ್ತೆ. ನಿಧಾನವಾಗಿ ಏರುವ ದಾರಿ ಎಲ್ಲಿ ಶುರುವಾಯ್ತು ಅಂತಲೇ ತಿಳಿಯಲ್ಲ.

ಪಾಯದ ಮಟ್ಟ

ನಿಜ. ಅದಕ್ಕೇ ಶುರುವಿನಲ್ಲೂ ಕೊನೆಯಲ್ಲೂ ಗುಂಡು ಉಬ್ಬಿನ ಹಳದಿ ಟೈಲ್ ಒಂದು ಸಾಲು ಹಾಕ್ತಾರೆ. ರೈಲ್ವೆ ಪ್ಲಾಟ್‌ಫಾರ್ಮ್ ಅಂಚಿನಲ್ಲಿ ನೋಡಿರುತ್ತೀರಿ. ಆದರೆ ಜಾಸ್ತಿ ಹಾಕಿದರೆ ಮೇಷ್ಟ್ರಮ್ಮನವರ ಕುರ್ಚಿಗೆ, ಕ್ಯಾಲಿಪರ್ ಅಣ್ಣನಿಗೆ ತೊಂದರೆ. ಒಬ್ಬರಿಗೆ ಬೇಕಾದ್ದು ಇನ್ನೊಬ್ಬರಿಗೆ ಅಡ್ಡ ಆಗೋದು ಇಲ್ಲೇ.

ಹಳೇ ಬಸ್‌ಸ್ಟಾಂಡ್

ಅಂದರೆ ಇಷ್ಟೆಲ್ಲಾ ಮಾಡಿದರೆ ವಿಶೇಷ ವ್ಯವಸ್ಥೆ ಅನ್ನೋದೇ ಬೇಡ ಅಂತಾಯ್ತು?

ಗಾಲಿ ಮೇಷ್ಟ್ರಮ್ಮ

ಇಲ್ಲ ಸರ್, ಬೇಕು. ದಾರಿ, ಬಾಗಿಲು, ಬೋರ್ಡ್ ಎಲ್ಲರಿಗೂ ಆಯಿತು. ಆದರೆ ಶೌಚಾಲಯದಲ್ಲಿ ಕಮೋಡ್ ಪಕ್ಕ ಹಿಡಿಯೋಕೆ ಕಂಬಿ ನನಗೆ ಬೇಕು, ನಿಮಗೆ ಬೇಡದೆ ಇರಬಹುದು. ಬಫೆಯಲ್ಲಿ ನನ್ನ ತಟ್ಟೆ ಹಿಡಿಯೋಕೆ ಒಬ್ಬರು ಬೇಕು. ಕಿವಿ ಕೇಳದವರಿಗೆ ಬೇರೆ ಏನೋ ಬೇಕು. ಕಾಯ್ದೆಯಲ್ಲೂ ಇವೆರಡನ್ನು ಬೇರೆ ಬೇರೆಯಾಗಿಯೇ ಬರೆದಿದ್ದಾರೆ. ಒಂದು ಮೊದಲೇ ಎಲ್ಲರಿಗೂ ಕಟ್ಟುವುದು, ಇನ್ನೊಂದು ಒಬ್ಬರಿಗೆ ಬೇಕಾದಾಗ ಹೊಂದಿಸುವುದು. ಮೊದಲನೆಯದು ಚೆನ್ನಾಗಿದ್ದರೆ ನಾನು ಎರಡನೆಯದನ್ನು ಕೇಳೋದು ಕಮ್ಮಿ ಆಗುತ್ತೆ, ಅಷ್ಟೇ. ಪ್ರತಿ ಹೆಜ್ಜೆಗೂ ಯಾರನ್ನಾದರೂ ಕರೆಯಬೇಕು ಅಂದರೆ ಮದುವೆಗೆ ಬಂದ ಸಂತೋಷ ಎಲ್ಲಿ?

ಈಗ ಹೇಳಿ, ನಿಮ್ಮ ವೇದಿಕೆ ಎಷ್ಟು ಎತ್ತರ?

ಕೋಡಿಹಳ್ಳ

3 ಅಡಿ.

ಪಾಯದ ಮಟ್ಟ

36 ಅಡಿ ರ‍್ಯಾಂಪ್, ಮಧ್ಯೆ ಲ್ಯಾಂಡಿಂಗ್ ಬೇರೆ. ಹಾಲ್ ಅರ್ಧ ಹೋಗುತ್ತೆ. ಆಗಲ್ಲ.

ಶಾಮಿಯಾನ ಟೆಂಪೋ

ವೇದಿಕೆ ಒಂದು ಅಡಿಗೆ ಇಳಿಸಿ, 12 ಅಡಿಯಲ್ಲಿ ಮುಗೀತು.

ಬೇತಮಂಗಲ ಹುಡುಗ

ಫೋಟೋಗ್ರಾಫರ್ ಒಪ್ಪಲ್ಲ ಗುರು. ಹಿಂದೆ ಕೂತವರಿಗೆ ಧಾರೆ ಕಾಣಲ್ಲ. ನಾನೇ ಮದುವೆ ವಿಡಿಯೋ ಮಾಡೋದು.

ಗಾಲಿ ಮೇಷ್ಟ್ರಮ್ಮ

ಅಲ್ಲಿಗೆ ನನಗೆ ರ‍್ಯಾಂಪ್ ಬೇಡ. ಧಾರೆ ಮುಗಿದ ಮೇಲೆ ಹುಡುಗ ಹುಡುಗಿ ಎರಡು ನಿಮಿಷ ಕೆಳಗಿಳಿದು ಬರಲಿ, ಅಕ್ಷತೆ ಹಾಕ್ತೀನಿ. ಕುರ್ಚಿ ಸಮೇತ ನನ್ನನ್ನು ನಾಲ್ಕು ಜನ ಎತ್ತಿಕೊಂಡು ಹೋಗೋದು ಮಾತ್ರ ಬೇಡ. ಕೈ ಜಾರಿದರೆ ಬೀಳುವವಳು ನಾನು.

ಕೋಡಿಹಳ್ಳ

ನಿನ್ನೆ ಸಭೆ ಆಯಿತು. ಮುಂದಿನ ದಾರಿ 15ಕ್ಕೆ 1, 6 ಅಡಿ ಅಗಲ, ಪೈಪ್ ಸಮೇತ, ಒಪ್ಪಿದರು. ಭಾನುವಾರದ 19 ಜನರ ಲೆಕ್ಕ ಓದಿದೆ, ಆಮೇಲೆ ಯಾರೂ ವರ್ಷಕ್ಕೆ ಒಬ್ಬರೋ ಇಬ್ಬರೋ ಅನ್ನಲಿಲ್ಲ. ಕದ ಬದಲಾಯಿಸೋದು ಒಪ್ಪಿದರು. ಬೋರ್ಡ್ ನಾನೇ ಪ್ರಿಂಟ್ ತೆಗೆದು ಅಂಟಿಸಿ ನೋಡುತ್ತೇನೆ. ವೇದಿಕೆ ಹಾಗೇ. ಹೊಸ್ತಿಲಿನ ಬಗ್ಗೆ ಮೂವರು ಹಿರಿಯರು ಎದ್ದು ಹೊರಗೆ ಹೋದರು. ಪುರೋಹಿತರನ್ನು ಕೇಳಿ ಬರ್ತಾರಂತೆ.

ಗಾರೆ ಕೆಲಸ

ಕೆಲಸ ನನಗೇ ಬಂದಿದೆ. ಪಾಯದ ಮಟ್ಟ ಸಾರ್, ಒಂದು ಡೌಟು. ಗೇಟು ಒಳಕ್ಕೆ ತೆಗಿಯುತ್ತೆ, ಒಂದೊಂದು ರೆಕ್ಕೆ 5 ಅಡಿ. ನೀವು ಹೇಳಿದ ಸಮತಟ್ಟು ಜಾಗ ಪೂರ್ತಿ ಗೇಟೇ ತಿನ್ನುತ್ತೆ.

ಪಾಯದ ಮಟ್ಟ

ಒಳ್ಳೇ ಸಮಯಕ್ಕೆ ನೋಡಿದಿರಿ ಮೇಸ್ತ್ರಿ. ಹೊರಕ್ಕೆ ತೆಗೆಯೋ ಹಾಗೆ ಮಾಡಬೇಡಿ, ರಸ್ತೆಗೆ ಬರುತ್ತೆ. ಗೋಡೆ ಉದ್ದಕ್ಕೆ ಸರಿಯುವ ಗೇಟಿಗೆ ಜಾಗ ಇದೆಯಾ ನೋಡಿ. ಇದ್ದರೆ ಕೆಳಗಿನ ಹಳಿ ನೆಲದೊಳಗೆ ಹೂತಿರಲಿ, ಮೇಲೆದ್ದಿರಬಾರದು. ಹೊಸ್ತಿಲಿನ ಜಗಳ ಒಂದು ಸಾಕು.

ಬೇತಮಂಗಲ ಹುಡುಗ

ನನ್ನ ಚರಂಡಿ ಪರ್ಮಿಷನ್ ಬಗ್ಗೆ ಯಾರೂ ಹೇಳಲೇ ಇಲ್ಲ.